ಮುಸುರೆಯ ಕೈಗೆ ಯಾವ ಗವಸು?

1979ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ನಟ್ಟರ್ ಎಂಬ ವೈದ್ಯರು ಒಬ್ಬ ಗೃಹಿಣಿಯ ಪ್ರಕರಣವನ್ನು ವರದಿ ಮಾಡಿದರು. ಮನೆಗೆಲಸದ ರಬ್ಬರ್ ಗ್ಲೌಸು ತೊಟ್ಟ ಸ್ವಲ್ಪ ಹೊತ್ತಿಗೆಲ್ಲ ಆಕೆಯ ಕೈ ತುರಿಸತೊಡಗಿ, ಪಿತ್ತದ ಗಂಧೆಗಳು ಏಳುತ್ತಿದ್ದವು. ಗ್ಲೌಸಿಗೆ ಸೇರಿಸಿದ ರಾಸಾಯನಿಕಗಳಿಂದ ಚರ್ಮ ಕೆಡುವುದು ವೈದ್ಯರಿಗೆ ಗೊತ್ತಿದ್ದ ಸಂಗತಿ. ಆದರೆ ಅದಕ್ಕೆ ಒಂದೆರಡು ದಿನ ಬೇಕು. ನಿಮಿಷಗಳಲ್ಲೇ ಏಳುವ ಈ ಗಂಧೆಗೆ ಕಾರಣ ರಬ್ಬರ್ ಹಾಲಿನೊಳಗೇ ಇತ್ತು. 1987ರಲ್ಲಿ ಏಡ್ಸ್ ಭಯದಿಂದ ಅಮೆರಿಕದ ಆರೋಗ್ಯ ಸಂಸ್ಥೆಗಳು ಆಸ್ಪತ್ರೆಗಳಲ್ಲಿ ಗ್ಲೌಸಿನ ಬಳಕೆಗೆ ಒತ್ತು ಕೊಟ್ಟ ಮೇಲೆ ಇದೇ ಅಲರ್ಜಿ ನರ್ಸುಗಳಲ್ಲಿ, ದಂತವೈದ್ಯರಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ‘ಲ್ಯಾಟೆಕ್ಸ್ ಅಲರ್ಜಿ’ ಎಂದರೆ ಆಸ್ಪತ್ರೆಯವರ ಕಾಯಿಲೆ ಎಂಬ ಭಾವನೆ ಬಂದದ್ದು ಹಾಗೆ. ಅದು ಮೊದಲು ಸುದ್ದಿಯಾದದ್ದು ಮಾತ್ರ ಮನೆಗೆಲಸದ ಕೈಯಿಂದ.

ಇವತ್ತು ಅಂಗಡಿಯಲ್ಲಿ ‘ಕೈಗೆ ಅಲರ್ಜಿ ಆಗ್ತಿದೆ’ ಎಂದರೆ ಸಿಗುವ ಉತ್ತರ ಒಂದೇ: ‘ರಬ್ಬರ್ ಬಿಡಿ, ನೈಟ್ರೈಲ್ ತಗೊಳ್ಳಿ.’ ಈ ಸಲಹೆ ಅರ್ಧ ಸರಿ. ಉಳಿದರ್ಧ ಯಾಕೆ ತಪ್ಪು ಎಂಬುದು ತಿಳಿಯಬೇಕಾದರೆ ಈ ಮೂರು ಬಗೆಯ ಗ್ಲೌಸುಗಳು ಹೇಗೆ ಹುಟ್ಟುತ್ತವೆ ಎಂದು ನೋಡಬೇಕು.

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಲ್ಯಾಟೆಕ್ಸ್ ಹೊಸದಲ್ಲ. ಬೆಳಗಿನ ಜಾವ ಟ್ಯಾಪಿಂಗ್ ಮಾಡಿದಾಗ ರಬ್ಬರ್ ಮರದಿಂದ ಇಳಿಯುವ ಬಿಳಿ ಹಾಲೇ ಅದು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ರಬ್ಬರು. ಉಳಿದದ್ದರಲ್ಲಿ ಹೆಚ್ಚಿನದು ನೀರು, ಜೊತೆಗೆ ಒಂದಿಷ್ಟು ಮರದ ಪ್ರೋಟೀನು. ಹಾಲು ಕೆಡದಂತೆ ಅಮೋನಿಯಾ ಹಾಕಿ, ಕಡೆಯುವ ಯಂತ್ರದಲ್ಲಿ ಗಟ್ಟಿ ಮಾಡಿ, ಗಂಧಕ ಮತ್ತಿತರ ಪದಾರ್ಥಗಳನ್ನು ಬೆರೆಸುತ್ತಾರೆ. ಪಿಂಗಾಣಿಯ ಕೈ ಅಚ್ಚುಗಳನ್ನು ಅದರಲ್ಲಿ ಅದ್ದಿ ತೆಗೆದು, ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಹದ ಮಾಡಿದರೆ ಗ್ಲೌಸು ಸಿದ್ಧ. ಬಿಸಿನೀರಿನಲ್ಲಿ ಎಷ್ಟು ಚೆನ್ನಾಗಿ ತೊಳೆದರೆ ಅಷ್ಟು ಪ್ರೋಟೀನು ಹೊರಹೋಗುತ್ತದೆ. ಈ ಹಂತದಲ್ಲಿ ಸಮಯ ಉಳಿಸಿದ ಅಗ್ಗದ ಗ್ಲೌಸಿನಲ್ಲಿ ಪ್ರೋಟೀನು ಹೆಚ್ಚು ಉಳಿಯುತ್ತದೆ.

ನೈಟ್ರೈಲಿಗೆ ಮರ ಬೇಡ. ಪೆಟ್ರೋಲಿಯಂ ಮೂಲದ ಎರಡು ರಾಸಾಯನಿಕಗಳನ್ನು ಕೂಡಿಸಿ ಕಾರ್ಖಾನೆಯಲ್ಲೇ ಮಾಡಿದ ಕೃತಕ ರಬ್ಬರ್ ಹಾಲು ಅದು. ಹಾಗಾಗಿ ಮರದ ಪ್ರೋಟೀನು ಅದರಲ್ಲಿ ಇಲ್ಲವೇ ಇಲ್ಲ. ಆದರೆ ಅಚ್ಚು ಅದ್ದುವುದು, ಗಂಧಕ ಬೆರೆಸುವುದು, ಒಲೆಯಲ್ಲಿ ಹದಗೊಳಿಸುವುದು ಎಲ್ಲ ಲ್ಯಾಟೆಕ್ಸಿನಂತೆಯೇ. ತಕರಾರು ಇರುವುದು ಇಲ್ಲೇ. ರಬ್ಬರಿನ ಎಳೆಗಳನ್ನು ಗಂಧಕ ಒಂದಕ್ಕೊಂದು ಕಟ್ಟಬೇಕಾದರೆ ಬಹಳ ಹೊತ್ತು ಬೇಕು. ಅದನ್ನು ಬೇಗ ಮುಗಿಸಲು ಥೈಯುರಾಮ್, ಕಾರ್ಬಮೇಟ್ ಎಂಬ ಗುಂಪಿನ ವೇಗವರ್ಧಕಗಳನ್ನು ಹಾಕುತ್ತಾರೆ. ಇವು ಗ್ಲೌಸಿನಲ್ಲಿ ಅಲ್ಪಸ್ವಲ್ಪ ಉಳಿದುಬಿಡುತ್ತವೆ, ಬೆವರಿನ ಜೊತೆ ಚರ್ಮಕ್ಕೆ ಇಳಿಯುತ್ತವೆ. ಲ್ಯಾಟೆಕ್ಸಿನಲ್ಲೂ ಇವು ಇರುತ್ತವೆ, ಸಾಮಾನ್ಯ ನೈಟ್ರೈಲಿನಲ್ಲೂ ಇರುತ್ತವೆ.

ವಿನೈಲ್ ರಬ್ಬರೇ ಅಲ್ಲ. ಕೊಳಾಯಿಯ ಪೈಪು ಮಾಡುವ ಪಿವಿಸಿಗೆ ಮೆದುಕಾರಕ ಎಣ್ಣೆ ಸೇರಿಸಿ ಬಗ್ಗುವಂತೆ ಮಾಡಿದ ಪ್ಲಾಸ್ಟಿಕ್ ಅದು. ಗಂಧಕದಿಂದ ಹದ ಮಾಡುವ ಅಗತ್ಯ ಇಲ್ಲದ್ದರಿಂದ ಮರದ ಪ್ರೋಟೀನೂ ಇಲ್ಲ, ಸಾಮಾನ್ಯವಾಗಿ ಈ ವೇಗವರ್ಧಕಗಳೂ ಇಲ್ಲ.

ಚರ್ಮದ ವೈದ್ಯರ ಬಳಿ ಮತ್ತೆ ಮತ್ತೆ ಬರುವಂಥ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ದಿನಕ್ಕೆ ಮೂರ್ನಾಲ್ಕು ತಾಸು ಮುಸುರೆ ತಿಕ್ಕುವ ಹೆಂಗಸು. ಬೆರಳ ಸಂದಿಯಲ್ಲಿ ಚರ್ಮ ಒಡೆಯುತ್ತಿತ್ತೆಂದು ಮಾಲೀಕರು ಹಳದಿ ರಬ್ಬರ್ ಗ್ಲೌಸು ತಂದುಕೊಟ್ಟರು. ಒಂದೆರಡು ತಿಂಗಳು ಹಾಯಾಗಿತ್ತು. ಆಮೇಲೆ ಕೈಯ ಹಿಂಭಾಗ ಕೆಂಪಾಗಿ, ಸಣ್ಣ ನೀರುಗುಳ್ಳೆ ಎದ್ದು, ತುರಿಕೆ ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ಅಂಗಡಿಯವನ ಮಾತು ಕೇಳಿ ನೀಲಿ ನೈಟ್ರೈಲ್ ಕೊಂಡರು. ಎರಡು ವಾರಕ್ಕೆ ಮತ್ತದೇ ಇಸುಬು. ಆಕೆ ವೈದ್ಯರೆದುರು ಕೂತು ‘ಇದರಾಗ ಅಲರ್ಜಿ ಆಗಂಗಿಲ್ಲ ಅಂದಿದ್ನಲ್ರೀ ಡಾಕ್ಟ್ರೇ’ ಎಂದು ದೂರುತ್ತಾಳೆ.

ವೈದ್ಯರು ಮೊದಲು ಕೇಳುವುದು ಎರಡೇ ಪ್ರಶ್ನೆ. ಗ್ಲೌಸು ಹಾಕಿದ ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಕೈಯಲ್ಲಿ ಎಲ್ಲೆಲ್ಲಿ ಬರುತ್ತದೆ? ತೊಟ್ಟ ಕೆಲ ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಗಂಧೆ ಎದ್ದು, ಗ್ಲೌಸು ತೆಗೆದ ಕೆಲ ತಾಸಿಗೆ ಗುರುತಿಲ್ಲದಂತೆ ಇಳಿದುಹೋದರೆ ಸಂಶಯ ಮರದ ಪ್ರೋಟೀನಿನ ಮೇಲೆ. ಜೊತೆಗೆ ಸೀನು, ಕಣ್ಣಲ್ಲಿ ನೀರು, ಉಬ್ಬಸ ಇದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಈಕೆಯದು ಹಾಗಲ್ಲ. ತೊಟ್ಟ ದಿನ ಏನೂ ಇಲ್ಲ, ಮರುದಿನವೋ ಅದರ ಮರುದಿನವೋ ತುರಿಕೆ. ಬಂದರೆ ವಾರಗಟ್ಟಲೆ ಹೋಗುವುದಿಲ್ಲ. ಕೆಂಪು ಮಣಿಕಟ್ಟು ದಾಟಿ ಮುಂಗೈ ಮೇಲೆ ಗ್ಲೌಸಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆದಂತೆ ನಿಲ್ಲುತ್ತದೆ. ಇದು ವೇಗವರ್ಧಕಗಳ ಅಲರ್ಜಿಯ ಲಕ್ಷಣ.

ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆ ಇದೆ. ಅನುಮಾನದ ಪದಾರ್ಥಗಳನ್ನು ಪುಟ್ಟ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಪಟ್ಟಿ ಅಂಟಿಸುತ್ತಾರೆ. ಎರಡು ದಿನ ಬೆನ್ನು ಒದ್ದೆ ಮಾಡುವಂತಿಲ್ಲ. 48 ಗಂಟೆಗೆ ಪಟ್ಟಿ ತೆಗೆದು ಒಮ್ಮೆ, ಇನ್ನೊಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಭಾರತದ ವೈದ್ಯರು ಬಳಸುವ ಪ್ರಮಾಣಿತ ಸರಣಿಯಲ್ಲಿ ರಬ್ಬರ್ ರಾಸಾಯನಿಕಗಳ ಮಿಶ್ರಣಗಳೂ ಸೇರಿವೆ. ಥೈಯುರಾಮ್ ಇದ್ದ ಜಾಗದಲ್ಲಿ ಚರ್ಮ ಕೆಂಪಾಗಿ ಉಬ್ಬಿದರೆ ಉತ್ತರ ಸಿಕ್ಕಿತು. ಈಕೆ ರಬ್ಬರಿನಿಂದ ನೈಟ್ರೈಲಿಗೆ ಹೋದಾಗ ಬದಲಾದದ್ದು ಗ್ಲೌಸಿನ ಬಣ್ಣ ಮಾತ್ರ. ಚರ್ಮಕ್ಕೆ ಆಗದ ಪದಾರ್ಥ ಅದರಲ್ಲೂ ಇತ್ತು. ಈಕೆಗೆ ದಪ್ಪನೆಯ ವಿನೈಲ್ ಗ್ಲೌಸು, ಒಳಗೊಂದು ತೆಳು ಹತ್ತಿಯ ಗ್ಲೌಸು ಸರಿಹೋಗುತ್ತದೆ. ವೇಗವರ್ಧಕ ಇಲ್ಲದ ನೈಟ್ರೈಲ್ ಗ್ಲೌಸುಗಳೂ ಇವೆ. ಆದರೆ ಅವು ಹೆಚ್ಚಾಗಿ ಆಸ್ಪತ್ರೆಗೆಂದು ಮಾಡಿದ ತೆಳು ಗ್ಲೌಸುಗಳು, ಬಾಣಲೆ ಉಜ್ಜಲು ಹುಟ್ಟಿದವಲ್ಲ.

ಗಂಧೆಯ ಬಗೆಯವರ ಕಥೆ ಇದಕ್ಕೆ ಪೂರ್ತಿ ವಿರುದ್ಧ. ಅವರಿಗೆ ನೈಟ್ರೈಲೂ ಆಗುತ್ತದೆ, ವಿನೈಲೂ ಆಗುತ್ತದೆ, ಲ್ಯಾಟೆಕ್ಸ್ ಮಾತ್ರ ಕೂಡದು. ಅಪರೂಪವಾಗಿ ಈ ಅಲರ್ಜಿ ಪ್ರಾಣಕ್ಕೇ ಕುತ್ತು ತರಬಹುದಾದ್ದರಿಂದ ‘ಇನ್ನೊಮ್ಮೆ ಹಾಕಿ ನೋಡೋಣ’ ಎಂಬ ಪ್ರಯೋಗ ಮನೆಯಲ್ಲಿ ಮಾಡಬಾರದು. ಇವರಲ್ಲಿ ಹಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ತಿಂದರೂ ಬಾಯಿ ತುರಿಸುತ್ತದೆ, ಏಕೆಂದರೆ ಆ ಹಣ್ಣುಗಳ ಕೆಲವು ಪ್ರೋಟೀನುಗಳು ರಬ್ಬರ್ ಹಾಲಿನವನ್ನು ಹೋಲುತ್ತವೆ. ಒಳಗೆ ಪುಡಿ ಹಚ್ಚಿದ ಗ್ಲೌಸು ಇನ್ನೂ ಕೆಟ್ಟದ್ದು. ಪುಡಿ ಪ್ರೋಟೀನನ್ನು ಹೊತ್ತು ಗಾಳಿಗೆ ಹಾರಿ ಉಸಿರಿನೊಳಗೆ ಸೇರುತ್ತದೆ. ಅಮೆರಿಕದಲ್ಲಿ ಪುಡಿ ಹಚ್ಚಿದ ವೈದ್ಯಕೀಯ ಗ್ಲೌಸುಗಳನ್ನು 2017ರ ಜನವರಿಯಿಂದ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ಪೊಟ್ಟಣದ ಮೇಲಿನ ‘ಹೈಪೋಅಲರ್ಜೆನಿಕ್’ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಹಿಂದೆ ವೇಗವರ್ಧಕ ಕಡಿಮೆ ಇರುವ ಲ್ಯಾಟೆಕ್ಸ್ ಗ್ಲೌಸುಗಳಿಗೆ ಈ ಹೆಸರು ಕೊಡುತ್ತಿದ್ದರು. ಪ್ರೋಟೀನಿನ ಅಲರ್ಜಿ ಇದ್ದವರು ತಮಗೇ ಹೇಳಿದ್ದೆಂದು ತೊಟ್ಟು ಅಪಾಯಕ್ಕೆ ಸಿಲುಕಿದರು. ಲ್ಯಾಟೆಕ್ಸ್ ಇರುವ ವೈದ್ಯಕೀಯ ಸಾಮಗ್ರಿಗಳ ಮೇಲೆ ಆ ಪದ ಬಳಸದಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಿಂದ ತಡೆಯಿತು. ಪೊಟ್ಟಣದಲ್ಲಿ ನೋಡಬೇಕಾದ್ದು ಯಾವುದರಿಂದ ಮಾಡಿದ್ದು ಎಂಬ ಸಾಲನ್ನು. ಬರೀ ‘ರಬ್ಬರ್’ ಎಂದಿದ್ದರೆ ಲ್ಯಾಟೆಕ್ಸ್ ಎಂದೇ ತಿಳಿಯುವುದು ಕ್ಷೇಮ.

ಇನ್ನು ಮೂರನೆಯ ಬಗೆ. ಗ್ಲೌಸಿನಿಂದ ಕೈ ಕೆಟ್ಟಿತು ಎನ್ನುವವರಲ್ಲಿ ಹೆಚ್ಚಿನವರದು ಇದೇ, ಮತ್ತು ಇದು ಅಲರ್ಜಿಯೇ ಅಲ್ಲ. ನೀರು, ಸೋಪು, ಬೆವರು ಸೇರಿ ಚರ್ಮದ ಜಿಡ್ಡನ್ನು ತೆಗೆದು ಒರಟು ಮಾಡುತ್ತವೆ. ಬೆರಳ ಸಂದಿ, ಉಂಗುರದ ಕೆಳಗೆ, ಗೆಣ್ಣುಗಳ ಮೇಲೆ ಚರ್ಮ ಒಣಗಿ ಬಿರಿಯುತ್ತದೆ. ತುರಿಕೆಗಿಂತ ಉರಿ ಜಾಸ್ತಿ. ಸೋಪುನೀರು ಒಳಗೆ ಇಳಿದ ಗ್ಲೌಸು ಇದನ್ನು ಹೆಚ್ಚಿಸುತ್ತದೆ, ಏಕೆಂದರೆ ಬರಿಗೈಯ ನೀರು ಒಣಗುತ್ತದೆ, ಒಳಗೆ ಸಿಕ್ಕಿಕೊಂಡ ನೀರು ಒಣಗುವುದಿಲ್ಲ. ಇಂಥವರು ಯಾವ ಬಗೆಗೆ ಬದಲಾಯಿಸಿದರೂ ಪ್ರಯೋಜನ ಕಡಿಮೆ. ಉಂಗುರ ತೆಗೆದಿಡುವುದು, ಒಣಗಿದ ಕೈಗೆ ಮಾತ್ರ ಗ್ಲೌಸು ಹಾಕುವುದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿನ ಕೆಲಸವಿದ್ದರೆ ಒಳಗೆ ಹತ್ತಿಯ ಗ್ಲೌಸು ಹಾಕಿ ಅದು ಒದ್ದೆಯಾದ ಕೂಡಲೇ ಬದಲಿಸುವುದು, ಕೆಲಸ ಮುಗಿದ ಮೇಲೆ ಕೈಗೆ ವ್ಯಾಸಲೀನ್ ಸವರುವುದು, ಇಷ್ಟರಿಂದ ಎಷ್ಟೋ ಕೈಗಳು ಸರಿಹೋಗುತ್ತವೆ. ಲ್ಯಾಟೆಕ್ಸ್ ಬಳಸುವವರು ವ್ಯಾಸಲೀನನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಗ್ಲೌಸಿಗೆ ಮೊದಲು ಹಚ್ಚಬಾರದು, ನಂತರ ಹಚ್ಚಬೇಕು.

ಯಾಕೆಂದರೆ ಎಣ್ಣೆ ಸಹಜ ರಬ್ಬರಿನ ಶತ್ರು. ಎಣ್ಣೆಯ ಅಣುಗಳು ರಬ್ಬರಿನ ಎಳೆಗಳ ನಡುವೆ ಸೇರಿಕೊಂಡು ಅದನ್ನು ಉಬ್ಬಿಸುತ್ತವೆ. ಬಜ್ಜಿ ಕರಿದ ಬಾಣಲೆ, ಒಗ್ಗರಣೆ ಸೌಟು, ತುಪ್ಪದ ಡಬ್ಬಿ ದಿನವೂ ತೊಳೆಯುವ ಮನೆಯಲ್ಲಿ ಹಳದಿ ಗ್ಲೌಸಿನ ಬೆರಳ ತುದಿ ಕ್ರಮೇಣ ದೊಡ್ಡದಾಗಿ, ಮೆದುವಾಗಿ, ಅಂಟಂಟಾಗುತ್ತದೆ. ಹಾಗೆ ಉಬ್ಬಿದ ಜಾಗ ಚಮಚದ ಅಂಚು ತಗುಲಿದರೂ ಹರಿಯುತ್ತದೆ. ನೈಟ್ರೈಲಿನ ದೊಡ್ಡ ಗುಣ ಇರುವುದು ಇಲ್ಲಿ. ಅದರೊಳಗೆ ಅಡುಗೆ ಎಣ್ಣೆಗೆ ಸುಲಭವಾಗಿ ದಾರಿ ಸಿಗುವುದಿಲ್ಲ. ಪೆಟ್ರೋಲ್ ಪೈಪು, ಎಂಜಿನ್ನಿನ ಆಯಿಲ್ ಸೀಲು ಇದೇ ರಬ್ಬರಿನಿಂದ ಆಗುವುದು ಅದಕ್ಕೇ. ಚೂಪು ವಸ್ತು ಚುಚ್ಚಿದರೂ ನೈಟ್ರೈಲ್ ಹೆಚ್ಚು ತಡೆಯುತ್ತದೆ. ಆದರೆ ಒಮ್ಮೆ ಸಣ್ಣ ಗೀರು ಬಿದ್ದರೆ ಲ್ಯಾಟೆಕ್ಸಿಗಿಂತ ಬೇಗ ಉದ್ದಕ್ಕೆ ಸೀಳುತ್ತದೆ. ಈಳಿಗೆಮಣೆ, ತುರಿಮಣೆ ತೊಳೆಯುವಾಗ ಯಾವ ಗ್ಲೌಸೂ ರಕ್ಷಣೆಯಲ್ಲ ಎಂದೇ ತಿಳಿದು ಅವನ್ನು ಬೇರೆಯಾಗಿ, ಬ್ರಶ್ಶಿನಿಂದ ತೊಳೆಯುವುದು ಒಳ್ಳೆಯದು.

ವಿನೈಲಿಗೂ ಎಣ್ಣೆಗೂ ಬೇರೆ ಲೆಕ್ಕ. ಅದರೊಳಗಿನ ಮೆದುಕಾರಕವನ್ನೇ ಜಿಡ್ಡು ಹೀರಿ ಹೊರಗೆಳೆಯುತ್ತದೆ. ಗ್ಲೌಸು ದಿನದಿಂದ ದಿನಕ್ಕೆ ಗಡುಸಾಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಹೀಗೆ ಹೊರಬಂದ ಥ್ಯಾಲೇಟ್ ಎಂಬ ಮೆದುಕಾರಕ ಊಟದಲ್ಲಿ ಸೇರುತ್ತಿದೆಯೆಂದು ಕಂಡುಬಂದ ಮೇಲೆ ಜಪಾನಿನ ಆರೋಗ್ಯ ಇಲಾಖೆ 2000ದಲ್ಲಿ ಅಂಥ ಪಿವಿಸಿ ಗ್ಲೌಸುಗಳನ್ನು ಅಡುಗೆ ಕೆಲಸಕ್ಕೆ ಬಳಸಬೇಡಿ ಎಂದಿತ್ತು. ಪಾತ್ರೆ ತೊಳೆಯುವುದಕ್ಕೆ ಆ ಚಿಂತೆ ಅಷ್ಟಿಲ್ಲ. ಆದರೆ ಅದೇ ಗ್ಲೌಸಿನಲ್ಲಿ ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದುವ ಅಭ್ಯಾಸ ಬೇಡ.

ನಮ್ಮ ಅಡುಗೆಮನೆಯಲ್ಲಿ ಲ್ಯಾಟೆಕ್ಸಿಗೆ ಇನ್ನೊಂದು ಶತ್ರು ಉಂಟು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬ, ತಾಮ್ರದ ಚೊಂಬು ಬೆಳಗಿದರೆ ಹಳದಿ ಗ್ಲೌಸಿನ ಮೇಲೆ ಕಂದು ಕಲೆ ಕೂರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ. ಹುಣಸೆಯ ಹುಳಿ ತಾಮ್ರವನ್ನು ಚೂರುಚೂರೇ ಕರಗಿಸುತ್ತದೆ, ಕರಗಿದ ತಾಮ್ರ ಗ್ಲೌಸಿನಲ್ಲಿ ಉಳಿದಿರುವ ಕಾರ್ಬಮೇಟಿನ ಜೊತೆ ಸೇರಿ ಕಂದು ಸಂಯುಕ್ತವಾಗುತ್ತದೆ. ಕಲೆ ನೋಡಲಷ್ಟೇ ಕೆಟ್ಟದ್ದಾಗಿದ್ದರೆ ಚಿಂತೆ ಇರಲಿಲ್ಲ. ತಾಮ್ರ ಸಹಜ ರಬ್ಬರನ್ನು ಗಾಳಿಯ ಆಮ್ಲಜನಕದಿಂದ ಬೇಗ ಮುಪ್ಪಾಗಿಸುತ್ತದೆ. ಹೀಗೆ ಬಳಸಿ ತೊಳೆಯದೆ ಬಿಸಿಲಿಗೆ ನೇತುಹಾಕಿದ ಗ್ಲೌಸು ಮೊದಲು ಅಂಟಾಗಿ, ಆಮೇಲೆ ಹಪ್ಪಳದಂತೆ ಗರಿಗರಿಯಾಗಿ ಒಡೆಯುತ್ತದೆ. ಹಿತ್ತಾಳೆಯಲ್ಲಿರುವುದೂ ಹೆಚ್ಚಿನಂಶ ತಾಮ್ರವೇ. ಪೂಜೆಯ ಪಾತ್ರೆ ಬೆಳಗಲು ಹಳೆಯ ಜೋಡಿಯೊಂದನ್ನು ಬೇರೆಯೇ ಇಟ್ಟುಕೊಳ್ಳಿ, ಅಥವಾ ವಿನೈಲ್ ಬಳಸಿ.

ಹಿಡಿತದ ಮಾತಿಗೆ ಬಂದರೆ ನಾನು ಲ್ಯಾಟೆಕ್ಸಿನ ಪರ. ಸೋಪು ಹತ್ತಿದ ಗಾಜಿನ ಲೋಟ ಜಾರುವುದು ಲೋಟಕ್ಕೂ ಬೆರಳಿಗೂ ನಡುವೆ ಸೋಪುನೀರಿನ ತೆಳು ಪದರ ನಿಲ್ಲುವುದರಿಂದ. ಅಂಗೈ ಮೇಲಿನ ಜೇನುಗೂಡಿನಂಥ ಉಬ್ಬುಗಳು ಬರೀ ಅಂದಕ್ಕಲ್ಲ. ಒತ್ತಿದಾಗ ನೀರು ಅವುಗಳ ನಡುವಿನ ಕಾಲುವೆಯಲ್ಲಿ ಹರಿದುಹೋಗಿ ಉಬ್ಬಿನ ತಲೆ ನೇರವಾಗಿ ಲೋಟಕ್ಕೆ ತಾಗುತ್ತದೆ. ಲ್ಯಾಟೆಕ್ಸ್ ಮೃದುವಾದ್ದರಿಂದ ಆ ಉಬ್ಬು ಲೋಟದ ಬಾಗಿಗೆ ತಕ್ಕಂತೆ ಕೂರುತ್ತದೆ, ಬೆರಳಿಗೂ ಮೈಗಂಟಿದಂತೆ ಹಿಡಿಯುತ್ತದೆ. ನೈಟ್ರೈಲ್ ಕೊಂಚ ಬಿಗಿ. ಆದರೆ ಜಿಡ್ಡಿನ ಪಾತ್ರೆಯಲ್ಲಿ ಲ್ಯಾಟೆಕ್ಸಿನಷ್ಟು ಬೇಗ ಉಬ್ಬದೆ ತಿಂಗಳುಗಳ ಕಾಲ ಅದೇ ಹಿಡಿತ ಉಳಿಸಿಕೊಳ್ಳುತ್ತದೆ. ವಿನೈಲ್ ಇಲ್ಲಿ ಸೋಲುತ್ತದೆ. ಅದು ಹಿಗ್ಗಿ ಕುಗ್ಗುವ ವಸ್ತುವಲ್ಲ, ಬೆರಳ ಸುತ್ತ ಸಡಿಲವಾಗಿ ನಿಲ್ಲುತ್ತದೆ, ಬಿಸಿನೀರಿನಲ್ಲಿ ಇನ್ನೂ ಸಡಿಲವಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ.

ಯಾವುದೇ ಬಗೆಯಾದರೂ ಅಳತೆ ತಪ್ಪಿದರೆ ಹಿಡಿತ ಇಲ್ಲ. ಬೆರಳ ತುದಿಯಾಚೆ ಅರ್ಧ ಇಂಚು ಖಾಲಿ ಉಳಿದರೆ ಆ ಖಾಲಿ ತುದಿಯೇ ಮಡಚಿ ಲೋಟ ಜಾರಿಸುತ್ತದೆ, ಮೊದಲು ಹರಿಯುವುದೂ ಅದೇ. ಬಟ್ಟೆ ಅಳೆಯುವ ಟೇಪನ್ನು ಹೆಬ್ಬೆರಳು ಬಿಟ್ಟು ಗೆಣ್ಣುಗಳ ಸುತ್ತ ಹಿಡಿದು ನೋಡಿ. ಸುಮಾರು 18 ಸೆಂಟಿಮೀಟರ್ ಬಂದರೆ 7ನೇ ಸೈಜು, 20 ಬಂದರೆ 8, 23 ಬಂದರೆ 9. ನಮ್ಮ ಅಂಗಡಿಗಳಲ್ಲಿ ‘ಫ್ರೀ ಸೈಜ್’ ಎಂದು ಮಾರುವುದು ಹೆಚ್ಚಾಗಿ ಹೆಂಗಸರ ಕೈಗೆ ದೊಡ್ಡದು.

ಕೊರೋನಾ ಕಾಲದಲ್ಲಿ ಮೆಡಿಕಲ್ ಸ್ಟೋರಿನ ನೂರರ ಡಬ್ಬಿ ಮನೆಮನೆಗೆ ಬಂತು. ಆ ತೆಳು ಗ್ಲೌಸು ನೈಟ್ರೈಲಾಗಲಿ ವಿನೈಲಾಗಲಿ ಪಾತ್ರೆ ತೊಳೆಯಲು ಸಲ್ಲದು. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಉದ್ದ ಮಣಿಕಟ್ಟಿನವರೆಗೆ. ಸಿಂಕಿನ ನೀರು ಮೇಲಿನಿಂದಲೇ ಒಳಗಿಳಿಯುತ್ತದೆ. ಪಾತ್ರೆಯ ಗ್ಲೌಸು ಅದರ ಮೂರ್ನಾಲ್ಕು ಪಟ್ಟು ದಪ್ಪ ಇರಬೇಕು, ಮೊಣಕೈಯ ಕಡೆಗೆ ಅರ್ಧ ದಾರಿಯಾದರೂ ಬರಬೇಕು. ಅಂಚನ್ನು ಎರಡು ಬೆರಳಗಲ ಹೊರಕ್ಕೆ ಮಡಚಿದರೆ ಕೈ ಎತ್ತಿದಾಗ ಇಳಿಯುವ ನೀರು ಅಲ್ಲೇ ನಿಲ್ಲುತ್ತದೆ.

ತೂತು ಬಿದ್ದಿದೆಯೇ ಎಂದು ತಿಳಿಯಲು ಗ್ಲೌಸಿನ ಬಾಯಿಯಲ್ಲಿ ಗಾಳಿ ತುಂಬಿಸಿ, ಅಂಚನ್ನು ಸುರುಳಿ ಸುತ್ತುತ್ತ ಬಂದು, ಬೆರಳುಗಳನ್ನು ನೀರಲ್ಲಿ ಮುಳುಗಿಸಿ ಹಿಂಡಿ. ಗುಳ್ಳೆ ಬರುವುದು ಸಾಮಾನ್ಯವಾಗಿ ಬಲಗೈಯ ಬೆರಳ ತುದಿಯಲ್ಲಿ ಇಲ್ಲವೇ ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ. ಸ್ಟೀಲ್ ನಾರು ಹಿಡಿಯುವ ಜಾಗ ಅದೇ. ವಾರಕ್ಕೊಮ್ಮೆ ಹೀಗೆ ನೋಡಿ, ಗುಳ್ಳೆ ಕಂಡ ಜೋಡಿಯನ್ನು ಬಚ್ಚಲು ಉಜ್ಜಲು ಕೂಡ ಇಟ್ಟುಕೊಳ್ಳಬೇಡಿ, ಎಸೆಯಿರಿ. ದಿನವೂ ಬಳಸಿದ ಮೇಲೆ ಹೊರಗೆ ಸೋಪಿನಿಂದ ತೊಳೆದು, ಒಳಮಗ್ಗುಲು ಹೊರಗೆ ತಿರುಗಿಸಿ, ನೆರಳಲ್ಲಿ ಒಣಗಿಸಿ. ಒಳಗೆ ಹತ್ತಿಯ ನುಣುಪು ಇರುವ ಗ್ಲೌಸು ಹಾಕಿಕೊಳ್ಳಲು ಹಿತ, ಒಣಗಲು ನಿಧಾನ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅದು ಬೂಷ್ಟು ಹಿಡಿಯುತ್ತದೆ. ಅಲ್ಲಿನವರಿಗೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು ಮೇಲು.

ಯಾವುದನ್ನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಚರ್ಮಕ್ಕೆ ಯಾವ ತೊಂದರೆಯೂ ಇಲ್ಲದ, ಎಣ್ಣೆಯ ಅಡುಗೆ ಹೆಚ್ಚಿರುವ ಮನೆಗೆ ಉದ್ದ ಅಂಚಿನ ದಪ್ಪ ನೈಟ್ರೈಲ್ ಎನ್ನುತ್ತೇನೆ. ಬೆಲೆ ಸ್ವಲ್ಪ ಹೆಚ್ಚಾದರೂ ಬಾಳಿಕೆಯಲ್ಲಿ ವಾಪಸು ಬರುತ್ತದೆ. ಗಾಜು, ಪಿಂಗಾಣಿ ಹೆಚ್ಚು ತೊಳೆಯುವವರಿಗೆ ಲ್ಯಾಟೆಕ್ಸ್ ಸಾಕು. ವಿನೈಲನ್ನು ವೇಗವರ್ಧಕ ಆಗದವರಿಗೆ, ಪೂಜೆ ಪಾತ್ರೆಗೆ ಬಿಟ್ಟು ಬೇರೆ ಯಾರಿಗೂ ಹೇಳಲಾರೆ. ಮನೆಗೆಲಸಕ್ಕೆ ಬರುವವರಿಗೆ ಗ್ಲೌಸು ಕೊಡುವವರು ಅವರ ಕೈ ಅಳತೆ ಕೇಳಿ ಕೊಡಿ, ತುರಿಕೆ ಬಂತೆಂದರೆ ಮರುದಿನ ಬಂತೋ ಕೂಡಲೇ ಬಂತೋ ವಿಚಾರಿಸಿ. ಕೂಡಲೇ ಗಂಧೆ ಏಳುವವರು ಯಾರೇ ಆಗಲಿ, ಹಲ್ಲು ಕೀಳಿಸುವ ಮೊದಲು, ಆಪರೇಷನ್ನಿಗೆ, ಹೆರಿಗೆಗೆ ಹೋಗುವ ಮೊದಲು ‘ನನಗೆ ರಬ್ಬರ್ ಗ್ಲೌಸು ಆಗುವುದಿಲ್ಲ’ ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು.